ಯಾವ ಹೊತ್ತಿಗೆ ಯಾರ ಹೊಣೆ: ಮದುವೆಯ ದಿನದ ಪಟ್ಟಿಯೊಂದನ್ನು ಬರೆದು ನಡೆಸಿದ ಬಗೆ

ನನ್ನ ಚಿಕ್ಕಪ್ಪನ ಮಗಳ ಮದುವೆ ಮೈಸೂರಿನ ಛತ್ರವೊಂದರಲ್ಲಿ ಫೆಬ್ರವರಿ ಕೊನೆಯ ಭಾನುವಾರ ನಡೆಯಿತು. ಲಗ್ನಪತ್ರಿಕೆಯಲ್ಲಿ ಮುಹೂರ್ತ ಬೆಳಿಗ್ಗೆ 9:40ರಿಂದ 10:30ರ ಒಳಗೆ ಸಲ್ಲುವ ಮೇಷ ಲಗ್ನವೆಂದು ಗೊತ್ತಾಗಿತ್ತು. ಆರತಕ್ಷತೆ ನಮ್ಮ ಕಡೆಯ ವಾಡಿಕೆಯಂತೆ ಹಿಂದಿನ ಸಂಜೆಯೇ ಮುಗಿಯುವುದಿದ್ದುದರಿಂದ, ಮದುವೆಯ ದಿನವೆಂದರೆ ನಸುಕಿನ ನಾಲ್ಕೂಕಾಲರಿಂದ ಸಂಜೆ ಐದು ಗಂಟೆಗೆ ಛತ್ರದ ಬೀಗದ ಕೈ ಒಪ್ಪಿಸುವವರೆಗಿನ ಅವಧಿ. ಆ ಅವಧಿಯ ಪಟ್ಟಿಯನ್ನು ಬರೆದು, ಅದರಂತೆ ದಿನವನ್ನು ನಡೆಸುವ ಹೊಣೆಯನ್ನು ಚಿಕ್ಕಪ್ಪ ನನಗೆ ಒಪ್ಪಿಸಿದರು. ನಾನು ಮದುಮಗಳಿಗೆ ಅಕ್ಕನಾದರೂ ಶಾಸ್ತ್ರದ ಯಾವ ಹಂತದಲ್ಲಿಯೂ ಕುಳಿತೇ ಇರಬೇಕಾದವಳಲ್ಲ. ಈ ಕೆಲಸಕ್ಕೆ ಇದೇ ಮೊದಲ ಅರ್ಹತೆ ಎಂಬುದು ಪಟ್ಟಿ ಬೆಳೆಯುತ್ತಾ ಹೋದಂತೆ ನನಗೆ ಇನ್ನಷ್ಟು ಸ್ಪಷ್ಟವಾಯಿತು.

ಪಟ್ಟಿ ಬರೆಯುವ ಮೊದಲು ನಾನು ಹೋಗಿ ಕಂಡದ್ದು ಪುರೋಹಿತರನ್ನು. ಕರೆಯೋಲೆಯಲ್ಲಿ ಮುಹೂರ್ತವೆಂದು ಬರೆದ ಐವತ್ತು ನಿಮಿಷಗಳ ಒಳಗೆ ಕಡ್ಡಾಯವಾಗಿ ಬೀಳಲೇಬೇಕಾದ ಕ್ರಿಯೆ ಯಾವುದು ಎಂದು ಕೇಳಿದೆ. "ತೆರೆ ಸರಿಸುವುದೂ ಮಾಂಗಲ್ಯಧಾರಣೆಯೂ ಎರಡೂ ಲಗ್ನದೊಳಗೇ ಆಗಬೇಕಮ್ಮ. ಉಳಿದದ್ದು ಐದು ಹತ್ತು ನಿಮಿಷ ಹಿಂದೆ ಮುಂದೆ ಆದರೆ ನಾನು ಸರಿದೂಗಿಸಿಕೊಳ್ಳುತ್ತೇನೆ" ಎಂದರು. ಬಳಿಕ ಪ್ರತಿಯೊಂದು ಕ್ರಿಯೆಗೆ ಎಷ್ಟು ಹೊತ್ತು ಬೇಕೆಂದು ಅವರಿಂದಲೇ ಹೇಳಿಸಿ ಬರೆದುಕೊಂಡೆ. ಗಣಪತಿ ಪೂಜೆ ಮತ್ತು ಪುಣ್ಯಾಹಕ್ಕೆ ಮುಕ್ಕಾಲು ಗಂಟೆ, ಕಾಶೀಯಾತ್ರೆಗೆ ಇಪ್ಪತ್ತೈದು ನಿಮಿಷ, ವರನ ಪಾದ ತೊಳೆದು ಮಧುಪರ್ಕ ಕೊಡುವುದಕ್ಕೆ ಸುಮಾರು ಮುಕ್ಕಾಲು ಗಂಟೆ, ತೆರೆ ಸರಿಸಿ ಜೀರಿಗೆ ಬೆಲ್ಲ ಹಾಕಿಸಿದ ಮೇಲೆ ಎರಡೂ ಮನೆತನಗಳ ಮೂರು ತಲೆಮಾರಿನ ಹೆಸರು, ಗೋತ್ರ, ಪ್ರವರ ಹೇಳಿ ಧಾರೆ ಎರೆಸಿ ಮಾಂಗಲ್ಯಕ್ಕೆ ಬರುವಷ್ಟರಲ್ಲಿ ಇಪ್ಪತ್ತೈದು ನಿಮಿಷ. ಬೇರೊಬ್ಬ ಪುರೋಹಿತರು ಇದಕ್ಕಿಂತ ಬೇಗವೋ ನಿಧಾನವೋ ಮಾಡಿಸಬಹುದು. ಆದ್ದರಿಂದ ಈ ಲೆಕ್ಕವನ್ನು ಇನ್ನೊಂದು ಮದುವೆಯ ಪಟ್ಟಿಯಿಂದ ಎತ್ತಿಕೊಳ್ಳದೆ, ಮಾಡಿಸುವವರನ್ನೇ ಕೇಳಬೇಕು.

ಈ ಲೆಕ್ಕ ಕೈಗೆ ಬಂದ ಮೇಲೆ ಬೆಳಗಿನಿಂದ ಮುಂದಕ್ಕೆ ಬರೆಯದೆ, ಮಾಂಗಲ್ಯದಿಂದ ಹಿಂದಕ್ಕೆ ಬರೆಯುತ್ತಾ ಹೋದೆ. ಮಾಂಗಲ್ಯಧಾರಣೆ 10:15 ಎಂದರೆ ತೆರೆ ಸರಿಯುವುದು 9:50. ಅದಕ್ಕೆ ಮೊದಲು ಮಂಗಳಾಷ್ಟಕ ಇರುವುದರಿಂದ ಸೋದರಮಾವ ಮದುಮಗಳನ್ನು ಮಂಟಪಕ್ಕೆ ಕರೆತರುವುದು 9:40. ವರಪೂಜೆಯನ್ನು 9:25ಕ್ಕೇ ಮುಗಿಸಿ, ಅಲ್ಲಿಂದ 9:40ರವರೆಗಿನ ಹದಿನೈದು ನಿಮಿಷಕ್ಕೆ ಯಾವ ಕೆಲಸವನ್ನೂ ಹಾಕದೆ ಖಾಲಿ ಬಿಟ್ಟೆ. ಖಾಲಿ ಹೊತ್ತನ್ನು ಅಲ್ಲಲ್ಲಿ ಐದೈದು ನಿಮಿಷವಾಗಿ ಹಂಚಿದರೆ ಯಾರ ಕಣ್ಣಿಗೂ ಬೀಳದೆ ಕರಗಿಹೋಗುತ್ತದೆ. ಮುಹೂರ್ತದ ಮುಂದೆ ಒಂದೇ ಕಡೆ ಇಟ್ಟರೆ, ಬೆಳಗಿನಿಂದ ಎಲ್ಲೆಲ್ಲಿ ತಡವಾದರೂ ಅದು ಅಲ್ಲಿಗೆ ಬಂದು ತುಂಬಿಕೊಳ್ಳುತ್ತದೆ. ವರಪೂಜೆ 9:25ಕ್ಕೆ ಮುಗಿಯಬೇಕಾದರೆ 8:40ಕ್ಕೆ ಆರಂಭವಾಗಬೇಕು, ಕಾಶೀಯಾತ್ರೆ 8:10ಕ್ಕೆ ಹೊರಡಬೇಕು, ಗಣಪತಿ ಪೂಜೆ 6:45ಕ್ಕೆ ಕೂರಬೇಕು. ಹೆಣ್ಣಿನ ಕೋಣೆಯ ಲೆಕ್ಕವೂ ಹೀಗೆಯೇ ಹಿಂದಕ್ಕೆ ಸರಿಯಿತು. ನಮ್ಮ ಮನೆಯ ಪದ್ಧತಿಯಲ್ಲಿ ಗೌರಿಪೂಜೆಗೆ ಒಂದು ಸೀರೆ, ಧಾರೆಗೆ ಬೇರೆಯೇ ಧಾರೆಸೀರೆ. ಸೀರೆ ಬದಲಿಸಿ, ಒಡವೆ ಮತ್ತು ಹೂವಿನ ಜಡೆಯನ್ನು ಸರಿಪಡಿಸುವುದಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಬೇಕೆಂದು ಅಲಂಕಾರ ಮಾಡುವಾಕೆ ಹೇಳಿದ್ದರಿಂದ, ಗೌರಿಪೂಜೆ 8:40ಕ್ಕೆ ಮುಗಿಯುವಂತೆ 7:40ಕ್ಕೆ ಶುರುವಾಗಬೇಕಾಯಿತು. ಮೊದಲ ಅಲಂಕಾರಕ್ಕೆ ಎರಡು ಗಂಟೆ ಹಿಡಿದರೆ 5:15ಕ್ಕೆ ಆಕೆ ಕನ್ನಡಿಯ ಮುಂದೆ ಕೂರಬೇಕು, ಮಂಗಳಸ್ನಾನ 4:45ಕ್ಕೆ ಆಗಬೇಕು, ಛತ್ರದ ಬಿಸಿನೀರಿನ ಬಾಯ್ಲರಿಗೆ 4:15ಕ್ಕೆ ಬೆಂಕಿ ಹಾಕಬೇಕು. ಹೀಗೆ ಲಗ್ನದ ಹೊತ್ತೇ ಬಾಯ್ಲರ್ ಹಚ್ಚುವ ಹೊತ್ತನ್ನೂ ಗೊತ್ತುಮಾಡಿತು.

ಹೊತ್ತುಗಳು ಕೂಡಿದ ಮೇಲೆ ಹೆಸರುಗಳನ್ನು ಬರೆಯುವುದೇ ನಿಜವಾದ ಕೆಲಸವಾಯಿತು. ಚಿಕ್ಕಪ್ಪ ತಾವಾಗಿಯೇ ಒಂದು ಹಾಳೆಯಲ್ಲಿ ಕೆಲಸಗಳನ್ನು ಹಂಚಿಕೊಟ್ಟಿದ್ದರು. ಅದರಲ್ಲಿ ಓಲಗದವರಿಂದ ಹಿಡಿದು ಅಡುಗೆಯವರವರೆಗೆ ಹಣ ಕೊಡುವುದು ತಮ್ಮದೆಂದೂ, ಬಾಗಿಲಲ್ಲಿ ಬಂದವರನ್ನು ಎದುರುಗೊಳ್ಳುವುದು ಮಗನದೆಂದೂ, ಬೀಗರ ಯೋಗಕ್ಷೇಮ ಚಿಕ್ಕಮ್ಮನದೆಂದೂ ಇತ್ತು. ನಾನು ದೊಡ್ಡ ಹಾಳೆಯೊಂದನ್ನು ತೆಗೆದುಕೊಂಡು ಎಡಗಡೆ ಹೊತ್ತನ್ನೂ, ಮೇಲ್ಗಡೆ ಮಂಟಪ, ಹೆಣ್ಣಿನ ಕೋಣೆ, ಊಟದ ಮನೆ, ಬಾಗಿಲು ಎಂಬ ನಾಲ್ಕು ಜಾಗಗಳನ್ನೂ ಬರೆದು, ಪ್ರತಿ ಮನೆಯೊಳಗೆ ಒಂದೊಂದು ಹೆಸರು ತುಂಬಿದೆ. ಅಡ್ಡಸಾಲನ್ನು ಓದುವಾಗ ಒಂದೇ ಹೆಸರು ಎರಡು ಜಾಗದಲ್ಲಿ ಕಂಡರೆ ಅಲ್ಲಿ ಕೆಲಸ ಕೆಡುತ್ತದೆ ಎಂದೇ ಅರ್ಥ. ಚಿಕ್ಕಪ್ಪನ ಹಂಚಿಕೆಯನ್ನು ಈ ಹಾಳೆಗೆ ಇಳಿಸಿದಾಗ 8:40ರಿಂದ 11:40ರವರೆಗೆ ಪ್ರತಿ ಸಾಲಿನಲ್ಲಿಯೂ ಚಿಕ್ಕಪ್ಪ, ಚಿಕ್ಕಮ್ಮ ಇಬ್ಬರೂ ಎರಡೆರಡು ಕಡೆ ಕಾಣಿಸಿದರು. ಪಾದ ತೊಳೆಯುವುದು, ಮಧುಪರ್ಕ, ಧಾರೆ ಎಲ್ಲವೂ ದಂಪತಿಯಾಗಿ ಮಾಡುವ ಕೆಲಸಗಳು. ಆ ಮೂರು ಗಂಟೆ ಅವರು ಮಂಟಪ ಬಿಟ್ಟು ಇಳಿಯುವಂತಿಲ್ಲ.

ಆದ್ದರಿಂದ ಮೊದಲು ಶಾಸ್ತ್ರಕ್ಕೆ ಕಟ್ಟುಬಿದ್ದವರು ಯಾರು, ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ ಎಂಬುದನ್ನು ಬೇರೆಯಾಗಿ ಬರೆದೆ. ಚಿಕ್ಕಪ್ಪ ಚಿಕ್ಕಮ್ಮ ಬೆಳಗಿನ 6:45ರಿಂದಲೇ. ಸೋದರಮಾವ 9:20ರಿಂದ, ಏಕೆಂದರೆ ಮದುಮಗಳನ್ನು ಕರೆತರುವವರು ಅವರೇ. ಸೋದರತ್ತೆ, ಅಂದರೆ ನನಗೂ ಅತ್ತೆಯಾದವರು, ಗೌರಿಪೂಜೆ ಮಾಡಿಸುವುದಕ್ಕೂ ಆಮೇಲೆ ಆರತಿಗೂ. ಮದುಮಗಳ ತಮ್ಮ ಲಾಜಾಹೋಮದ ಹೊತ್ತಿಗೆ, ಏಕೆಂದರೆ ಅಕ್ಕನ ಬೊಗಸೆಗೆ ಅರಳು ಹಾಕುವವನು ಅವನೇ. ಇವರು ಯಾರಿಗೂ ಕಟ್ಟುಬಿದ್ದ ಹೊತ್ತಿನಲ್ಲಿ ಬೇರೆ ಹೊಣೆಯನ್ನು ಕೊಡಕೂಡದು, ಯಾರೂ ಅವರ ಬಳಿ ಹೋಗಿ ಏನನ್ನೂ ಕೇಳಕೂಡದು ಎಂದು ಗೊತ್ತುಮಾಡಿಕೊಂಡು, ಉಳಿದ ಕೆಲಸಗಳನ್ನು ಅವರ ಹಿಂದಿನ ಸುತ್ತಿನವರಿಗೆ ಹಂಚಿದೆ. ಹಣದ ಹೊಣೆ ಚಿಕ್ಕಪ್ಪನ ಹಳೆಯ ಸ್ನೇಹಿತರಾದ, ಬ್ಯಾಂಕಿನಿಂದ ನಿವೃತ್ತರಾದ ಹಿರಿಯರದು; ಓಲಗ, ಅಲಂಕಾರ, ಹೂವು, ಛಾಯಾಗ್ರಾಹಕರು, ಪುರೋಹಿತರು ಹೀಗೆ ಒಬ್ಬೊಬ್ಬರಿಗೂ ಕೊಡಬೇಕಾದ ಬಾಕಿಯನ್ನು ಹಿಂದಿನ ರಾತ್ರಿಯೇ ಲಕೋಟೆಗಳಲ್ಲಿ ಹಾಕಿ, ಮೇಲೆ ಹೆಸರನ್ನೂ ಮೊತ್ತವನ್ನೂ ಬರೆದು ಅವರ ಕೈಗೆ ಕೊಟ್ಟೆವು. ಇದು ಮುಖ್ಯ, ಏಕೆಂದರೆ ಓಲಗದವರೂ ಅಲಂಕಾರದವರೂ ಹೊರಡುವುದು ಮಾಂಗಲ್ಯವಾದ ಅರ್ಧ ಗಂಟೆಯ ಸುಮಾರಿಗೆ, ಅಂದರೆ ಮದುಮಗಳ ತಂದೆ ಹೋಮದ ಬಳಿ ಕುಳಿತಿರುವ ಹೊತ್ತಿಗೇ. ಉಗ್ರಾಣದ ಬೀಗದ ಕೈ ನಮ್ಮ ಸೋದರತ್ತೆಯ ಯಜಮಾನರಾದ ಮಾವನವರ ಬಳಿ. ತೆಂಗಿನಕಾಯಿ, ವೀಳ್ಯದೆಲೆ, ತಾಂಬೂಲದ ಚೀಲ ಯಾವುದನ್ನೂ ಅವರಿಗೆ ಹೇಳದೆ ಹೊರಗೆ ಒಯ್ಯುವಂತಿರಲಿಲ್ಲ. ಊಟದ ಮನೆ ನಮ್ಮ ಯಜಮಾನರದು. ಬಾಗಿಲಲ್ಲಿ ನಮ್ಮ ತಂದೆಯವರು, ಅವರ ಜೊತೆ ಪನ್ನೀರು ಚಿಮುಕಿಸಿ ಕಲ್ಲುಸಕ್ಕರೆ ಕೊಡಲು ಇಬ್ಬರು ಹುಡುಗಿಯರು. ಬೀಗರ ಕಡೆಯ ಯಾವ ಬೇಡಿಕೆಯೇ ಇರಲಿ, ಅದು ವರನ ಅಕ್ಕನ ಗಂಡನಾದ ಭಾವನವರ ಮೂಲಕವೇ ಬರಬೇಕು, ಬಂದದ್ದು ನನ್ನ ಒಬ್ಬಳ ಬಳಿಗೇ ಬರಬೇಕು ಎಂದು ಎರಡೂ ಮನೆಯವರು ಒಪ್ಪಿದರು. ಹಾಸನದಿಂದ ಬಂದಿದ್ದ ಆ ಭಾವನವರು ಹಿಂದಿನ ಸಂಜೆ ನನ್ನೊಡನೆ ಕುಳಿತು ಪಟ್ಟಿಯನ್ನು ಸಾಲು ಸಾಲಾಗಿ ಓದಿದರು. ಅವರ ಆ ಅರ್ಧ ಗಂಟೆ ಮರುದಿನ ಎಷ್ಟು ನೆರವಾಯಿತೆಂದು ಹೇಳತೀರದು.

ಅವರು ಓದುವಾಗಲೇ ಒಂದು ಗಂಟು ಸಿಕ್ಕಿತು. 7:40ಕ್ಕೆ ಗೌರಿಪೂಜೆ, 8:10ಕ್ಕೆ ಕಾಶೀಯಾತ್ರೆ. ಗೌರಿಪೂಜೆಗೆ ಮಗಳನ್ನು ಕೂರಿಸಬೇಕೆಂಬುದು ಚಿಕ್ಕಮ್ಮನ ಬಹುದಿನದ ಆಸೆ. ಕಾಶೀಯಾತ್ರೆಗೆ ಹೊರಟ ವರನನ್ನು ತಡೆದು ಮಗಳನ್ನು ಕೊಡುವುದಾಗಿ ಹೇಳುವಾಗ ಚಿಕ್ಕಪ್ಪನ ಜೊತೆ ಆಕೆಯೂ ಛತ್ರದ ಬಾಗಿಲಲ್ಲಿ ಇರಬೇಕು. ಎರಡೂ ಒಂದೇ ಅರ್ಧ ಗಂಟೆಯ ಒಳಗೆ. ಪೂಜೆಗೆ ಕೂರಿಸಿ, ದೀಪ ಹಚ್ಚಿಸಿ, ಮೊದಲ ಹೂವು ಹಾಕಿಸಿದ ಮೇಲೆ 8 ಗಂಟೆಗೆ ಚಿಕ್ಕಮ್ಮ ಎದ್ದು ಬರುವುದು, ಅಲ್ಲಿಂದ ಮುಂದೆ ಅತ್ತೆ ನಡೆಸಿಕೊಡುವುದು ಎಂದು ಹಾಳೆಯಲ್ಲಿ ಒಂದು ಸಾಲನ್ನು ಎರಡಾಗಿ ಒಡೆದೆವು. ಚಿಕ್ಕಮ್ಮನನ್ನು ಅಲ್ಲಿಂದ ಎಬ್ಬಿಸಿ ಕರೆತರುವ ಹೆಸರನ್ನೂ ಬರೆದೆವು. ಯಾವುದೇ ಸಾಲಿಗೆ ಆರಂಭ ಮಾಡುವವರಷ್ಟೇ ಇದ್ದು, ಮುಗಿದ ಮೇಲೆ ಮುಂದಿನವರಿಗೆ ತಿಳಿಸುವವರು ಯಾರೆಂದು ಇಲ್ಲದಿದ್ದರೆ, ಒಬ್ಬೊಬ್ಬರೂ ತಂತಮ್ಮ ಕೆಲಸವನ್ನು ಚೆನ್ನಾಗಿ ಮಾಡಿದರೂ ನಡುವೆ ಐದು ನಿಮಿಷ, ಹತ್ತು ನಿಮಿಷ ಸುಮ್ಮನೆ ಸೋರಿಹೋಗುತ್ತದೆ.

ಪಟ್ಟಿಯ ಪೂರ್ಣ ಹಾಳೆಯನ್ನು ಉಗ್ರಾಣದ ಬಾಗಿಲ ಒಳಬದಿಗೆ ಅಂಟಿಸಿದೆ. ಉಳಿದವರಿಗೆ ಇಡೀ ಪಟ್ಟಿಯನ್ನು ಕೊಡಲಿಲ್ಲ; ಅವರವರ ಪಾಲಿನ ಮೂರು ನಾಲ್ಕು ಸಾಲುಗಳನ್ನು ಮಾತ್ರ ಅಂಗೈಯಗಲದ ಚೀಟಿಯಲ್ಲಿ ಬರೆದು, ಕೊನೆಯಲ್ಲಿ 'ಮುಗಿದ ಮೇಲೆ ಇವರಿಗೆ ಹೇಳಿ' ಎಂದು ಮುಂದಿನವರ ಹೆಸರನ್ನು ಸೇರಿಸಿದೆ. ಫೋನಿನ ಗುಂಪಿನಲ್ಲಿ ಪಟ್ಟಿ ಇತ್ತಾದರೂ, ರೇಷ್ಮೆಸೀರೆ ಉಟ್ಟು ಆರತಿ ತಟ್ಟೆ ಹಿಡಿದವರೂ, ಪಂಚೆ ಉಟ್ಟು ಬಡಿಸುವವರ ಹಿಂದೆ ಓಡಾಡುವವರೂ ಫೋನನ್ನು ತೆಗೆದು ನೋಡುವುದಿಲ್ಲ. ನೋಡಿದರೂ ಓಲಗದ ಸದ್ದಿನಲ್ಲಿ ಕರೆ ಕೇಳಿಸುವುದಿಲ್ಲ.

ಮದುವೆಯ ದಿನ ನಸುಕಿನಿಂದ ಎಂಟು ಗಂಟೆಯವರೆಗೆ ಹೇಳುವಂಥದ್ದು ಹೆಚ್ಚೇನೂ ಇಲ್ಲ. ಬಾಯ್ಲರ್ ಹೊತ್ತಿಗೆ ಸರಿಯಾಗಿ ಕಾದಿತು, 4:30ಕ್ಕೆ ಕಾಫಿ ಬಂತು, ದೇವರಾಜ ಮಾರುಕಟ್ಟೆಯಿಂದ ಹಾರಗಳೂ ಬಿಡಿ ಹೂವೂ 5:30ಕ್ಕೆ ಬಂದವು. ಹೂವನ್ನು ತಂದವರಿಂದ ಎಣಿಸಿ ತೆಗೆದುಕೊಂಡು, ವಧೂವರರ ಹಾರಗಳನ್ನು ಒದ್ದೆಬಟ್ಟೆ ಮುಚ್ಚಿ ಬೇರೆಯಾಗಿ ಇಡುವುದು ಉಗ್ರಾಣದ ಮಾವನವರ ಸಾಲಿನಲ್ಲಿತ್ತು. ತಿಂಡಿ 7:15ಕ್ಕೆ ಶುರುವಾಯಿತು. ಮಂಟಪದಲ್ಲಿ ಬಹಳ ಹೊತ್ತು ಕೂರಬೇಕಾದವರಿಗೆ, ಉಪವಾಸವಿರುವ ಚಿಕ್ಕಪ್ಪ ಚಿಕ್ಕಮ್ಮನಿಗೆ, ಪೂಜೆಗಳ ನಡುವಿನ ಬಿಡುವಿನಲ್ಲಿ ಹಾಲು ಹಣ್ಣು ಒಯ್ದು ಕೊಡುವುದಕ್ಕೆಂದೇ ನಮ್ಮ ತಾಯಿಯವರ ಹೆಸರಿತ್ತು. ಇಂಥ ಸಣ್ಣ ಸಾಲುಗಳೇ ಪಟ್ಟಿಯಲ್ಲಿ ಬಿಟ್ಟುಹೋಗುವುದು, ಬಿಟ್ಟುಹೋದರೆ ಹನ್ನೊಂದು ಗಂಟೆಯ ಹೊತ್ತಿಗೆ ಹೊಗೆಯ ಮುಂದೆ ಕುಳಿತವರಿಗೆ ತಲೆ ಸುತ್ತುವುದು.

ತಡವಾದದ್ದು ಕಾಶೀಯಾತ್ರೆಯಲ್ಲಿ. ಕೊಡೆ, ಕೋಲು, ಬೀಸಣಿಗೆ ಹಿಡಿದ ವರ ಛತ್ರದ ಗೇಟಿನವರೆಗೆ ನಡೆದು, ಚಿಕ್ಕಪ್ಪ ತಡೆದು, ಹಿಂದಿರುಗಬೇಕಾದದ್ದು. ಛಾಯಾಗ್ರಾಹಕರ ತಂಡದವರು ಬೆಳಕು ಎದುರಿಗಿದೆಯೆಂದು ಮತ್ತೊಮ್ಮೆ ನಡೆಸಿದರು, ಆಮೇಲೆ ಗೆಳೆಯರೆಲ್ಲ ಕೊಡೆಯ ಕೆಳಗೆ ನಿಲ್ಲುವಂತೆ ಮಾಡಿ ಇನ್ನೊಮ್ಮೆ ನಡೆಸಿದರು. 8:35ಕ್ಕೆ ಮುಗಿಯಬೇಕಾದದ್ದು 8:50 ಆದರೂ ಮುಗಿದಿರಲಿಲ್ಲ. ಮದುಮಗಳ ಕಡೆಯವರು ಯಾರು ಹೇಳಿದರೂ ವರನ ಗೆಳೆಯರಿಗೆ ಅದು ಅವಸರಪಡಿಸಿದಂತೆ ಕಾಣುತ್ತದೆ. ಆದ್ದರಿಂದಲೇ ಆ ಸಾಲಿನಲ್ಲಿ ವರನನ್ನು ಒಳಗೆ ಕರೆತರುವ ಹೊಣೆ ಅವರ ಭಾವನವರದೆಂದು ಬರೆದಿದ್ದೆವು. ಅವರು ಚೀಟಿಯನ್ನು ಒಮ್ಮೆ ನೋಡಿಕೊಂಡು, "ಇನ್ನು ಸಾಕಪ್ಪ, ಪುರೋಹಿತರು ಕಾಯ್ತಿದ್ದಾರೆ, ಒಳಗೆ ಹೋಗೋಣ" ಎಂದು ವರನ ಕೈಯಿಂದ ಕೊಡೆಯನ್ನು ತಾವೇ ತೆಗೆದುಕೊಂಡರು. ಕೊಡೆ ಕೈಬಿಟ್ಟ ಮೇಲೆ ಫೋಟೋಗೆ ಏನೂ ಉಳಿಯಲಿಲ್ಲ. ವರಪೂಜೆ ಆರಂಭವಾದಾಗ 8:57. ಪುರೋಹಿತರು ಮಂತ್ರಗಳನ್ನು ಮೊಟಕು ಮಾಡದೆ 9:41ಕ್ಕೆ ಮುಗಿಸಿದರು, ಬಿಟ್ಟಿದ್ದ ಹದಿನೈದು ನಿಮಿಷ ಅಲ್ಲಿಗೆ ಸಂದುಹೋಯಿತು. ಅಷ್ಟರಲ್ಲಿ ಹೆಣ್ಣಿನ ಕೋಣೆಯಲ್ಲಿ ಧಾರೆಸೀರೆ ಉಡಿಸಿ ಮುಗಿದಿತ್ತು. ಸೋದರಮಾವ ಬಾಗಿಲ ಬಳಿ ಸಿದ್ಧರಾಗಿ ನಿಂತಿದ್ದರು.

ಇಲ್ಲಿ ಮಾಂಗಲ್ಯದ ತಟ್ಟೆಯ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಮಾಂಗಲ್ಯವನ್ನು ತೆಂಗಿನಕಾಯಿಯ ಮೇಲಿಟ್ಟು, ಅಕ್ಷತೆ ತುಂಬಿದ ತಟ್ಟೆಯಲ್ಲಿ ಸಭೆಯೊಳಗೆ ಒಯ್ದು, ಹಿರಿಯರು ಮುಟ್ಟಿ ಹರಸುವುದು ನಮ್ಮಲ್ಲಿ ಪದ್ಧತಿ. ಸಭೆಯಲ್ಲಿ ನಾನೂರು ಜನರಿದ್ದರೆ ತಟ್ಟೆ ಪ್ರತಿಯೊಬ್ಬರ ಬಳಿಯೂ ಹೋಗಿ ಬರುವುದಕ್ಕೆ ಅರ್ಧ ಗಂಟೆಯಾದರೂ ಹಿಡಿಯುತ್ತದೆ, ಅಷ್ಟರಲ್ಲಿ ಅದು ಯಾವ ಸಾಲಿನಲ್ಲಿದೆ ಎಂಬುದೇ ಮಂಟಪದಲ್ಲಿರುವವರಿಗೆ ತಿಳಿಯುವುದಿಲ್ಲ. ಇದನ್ನು ಮುಹೂರ್ತದ ಹೊತ್ತಿಗೆ ಮಾಡದೆ, ವರಪೂಜೆ ನಡೆಯುತ್ತಿರುವಾಗಲೇ 9:15ಕ್ಕೆ ಹೊರಡಿಸುವುದೆಂದು ಪುರೋಹಿತರ ಒಪ್ಪಿಗೆ ಪಡೆದಿದ್ದೆ. ತಟ್ಟೆ ಹಿಡಿಯುವ ಹೊಣೆ ಚಿಕ್ಕಮ್ಮನ ಅಕ್ಕನವರದು. ಅವರ ಪಕ್ಕದಲ್ಲಿ ದಾರಿ ಬಿಡಿಸುವುದಕ್ಕೆ ಅವರ ಮಗ. ಮುಂದಿನ ಮೂರು ಸಾಲುಗಳಲ್ಲಿ ಕುಳಿತ ಹಿರಿಯರಿಗೆ, ಗೋಡೆಯ ಬದಿಯ ಕುರ್ಚಿಗಳಲ್ಲಿ ಕುಳಿತ ನಡೆಯಲಾರದ ವಯಸ್ಸಾದವರಿಗೆ ಮುಟ್ಟಿಸಿ, 9:35ಕ್ಕೆ ತಟ್ಟೆ ಪುರೋಹಿತರ ಎಡಗಡೆಗೆ ಮರಳಿ ಬರಬೇಕು. ನಡುವೆ ಅದು ಇನ್ನೊಬ್ಬರ ಕೈಗೆ ಹೋಗುವಂತಿಲ್ಲ. ತಟ್ಟೆ 9:33ಕ್ಕೆ ಮರಳಿತು. ಮಾಂಗಲ್ಯ ಮರಳಿದ ಸುದ್ದಿ ಕೇಳುವವರೆಗೆ ನನ್ನ ಕಣ್ಣು ಬೇರೆಲ್ಲಿಗೂ ಹೋಗಿರಲಿಲ್ಲ.

ಅಕ್ಷತೆ ಹಂಚುವುದು ಆರು ಹುಡುಗಿಯರ ಕೆಲಸ, ಒಬ್ಬೊಬ್ಬಳಿಗೆ ಕುರ್ಚಿಗಳ ಒಂದೊಂದು ಭಾಗ. ಬಹಳ ಮೊದಲೇ ಹಂಚಿದರೆ ಮಕ್ಕಳು ಚೆಲ್ಲಿಬಿಡುತ್ತಾರೆ, ತಡವಾಗಿ ಹಂಚಿದರೆ ಹಿಂದಿನ ಸಾಲಿನವರಿಗೆ ತಲುಪುವ ಮೊದಲೇ ಗಟ್ಟಿಮೇಳ ಮೊಳಗುತ್ತದೆ. ಆದ್ದರಿಂದ ತೆರೆ ಹಿಡಿದ ಕೂಡಲೆ ಹೊರಡಬೇಕೆಂದು ಹೇಳಿತ್ತು. ಓಲಗದವರು ಮಂಟಪದ ಬಲಕ್ಕೆ, ಕಂಬದ ಹಿಂದೆ ಕುಳಿತಿದ್ದರು. ಅಲ್ಲಿಂದ ಪುರೋಹಿತರ ಮುಖ ಕಾಣುವುದಿಲ್ಲವೆಂದೂ, ಮಂಟಪದ ಸುತ್ತ ಛಾಯಾಗ್ರಾಹಕರೂ ನೆಂಟರೂ ನಿಂತ ಮೇಲೆ ಕೈ ಎತ್ತಿದರೂ ಕಾಣುವುದಿಲ್ಲವೆಂದೂ ಹಿಂದಿನ ಸಂಜೆಯೇ ಅವರ ಜಾಗದಲ್ಲಿ ಕುಳಿತು ನೋಡಿ ತಿಳಿದುಕೊಂಡಿದ್ದೆ. ಪುರೋಹಿತರು ಕಾಣುವಂತೆಯೂ ಡೋಲಿನವರಿಗೆ ತಾನು ಕಾಣುವಂತೆಯೂ ಮೆಟ್ಟಿಲ ಮೇಲೆ ಒಬ್ಬರು ನಿಲ್ಲಬೇಕಾಗಿತ್ತು. ಎತ್ತರದ ಆಳಾದ ನನ್ನ ಸ್ವಂತ ತಮ್ಮ ಅಲ್ಲಿ ನಿಂತ. 9:54ಕ್ಕೆ ತೆರೆ ಸರಿಯಿತು, ಜೀರಿಗೆ ಬೆಲ್ಲ ಬಿದ್ದಿತು. ಧಾರೆಯ ನೀರು ಬಿದ್ದ ಮೇಲೆ ಪುರೋಹಿತರು ಮಾಂಗಲ್ಯವನ್ನು ವರನ ಕೈಗೆ ಕೊಟ್ಟು ತಲೆಯೆತ್ತಿದರು, ನನ್ನ ತಮ್ಮ ಶಲ್ಯ ಎತ್ತಿದ, ಡೋಲು ಮೊಳಗಿತು. ಆಗ 10:19. ಸಭೆಯ ಹಿಂದಿನ ಸಾಲಿನಿಂದಲೂ ಅಕ್ಷತೆ ಬಿದ್ದಿತು.

ಮಾಂಗಲ್ಯವಾದ ಮೇಲೆ ಪಟ್ಟಿಯ ಅಗತ್ಯ ಮುಗಿಯಿತೆಂದು ಬಹಳ ಮಂದಿ ತಿಳಿಯುತ್ತಾರೆ. ನಿಜಕ್ಕೂ ಕೈಮೀರುವ ಹೊತ್ತು ಅಲ್ಲಿಂದಲೇ ಆರಂಭ. ಬಂದವರಿಗೆ ಮಂಟಪ ಹತ್ತಿ ಹರಸಿ, ಮುಯ್ಯಿ ಕೊಟ್ಟು, ಊಟ ಮುಗಿಸಿ ಹೊರಡುವ ಆತುರ; ಪುರೋಹಿತರಿಗೆ ಹೋಮ ಆರಂಭಿಸಬೇಕು. ಸಾಲು ನಿಂತರೆ ಹೋಮ ನಿಲ್ಲುತ್ತದೆ. ಹರಸುವವರಿಗೆ 10:45ರವರೆಗೆ ಹೊತ್ತು, ಆಮೇಲೆ ಹೋಮ ಮುಗಿಯುವವರೆಗೆ ಮೆಟ್ಟಿಲಿಗೆ ತಡೆ, ಉಳಿದವರು ಊಟ ಮಾಡಿಕೊಂಡು ಬಂದು 12 ಗಂಟೆಯ ಮೇಲೆ ಹರಸಬಹುದು ಎಂದು ಗೊತ್ತುಮಾಡಿದ್ದೆವು. ಸಾಲನ್ನು ನಿಲ್ಲಿಸುವವರು ಹುಡುಗರಾದರೆ ಯಾರೂ ಕೇಳುವುದಿಲ್ಲ. ಬಾಗಿಲಲ್ಲಿದ್ದ ನಮ್ಮ ತಂದೆಯವರು 10:35ಕ್ಕೆ ಆ ಜಾಗವನ್ನು ನನ್ನ ತಮ್ಮನಿಗೆ ಬಿಟ್ಟುಕೊಟ್ಟು ಮಂಟಪದ ಮೆಟ್ಟಿಲಿಗೆ ಬರುವಂತೆ ಪಟ್ಟಿಯಲ್ಲಿತ್ತು. ಮನೆಯ ಹಿರಿಯರೇ ಕೈಮುಗಿದು "ಮೊದಲು ಊಟಕ್ಕೆ ಏಳಿ, ಹೋಮವಾದ ಮೇಲೆ ಬಂದು ಹರಸಿ" ಎಂದು ಕೇಳಿಕೊಂಡಾಗ ಒಬ್ಬರಿಗೂ ಬೇಸರವಾಗಲಿಲ್ಲ.

ಹೋಮದ ಹೊತ್ತಿನಲ್ಲಿ ಮಂಟಪದ ಎದುರು ಜನ ಉಳಿಯಬೇಕೆಂಬುದು ನನ್ನ ಹಟವಾಗಿತ್ತು. ಪಾಣಿಗ್ರಹಣ, ಲಾಜಾಹೋಮ, ಕಲ್ಲು ತುಳಿಯುವುದು, ಸಪ್ತಪದಿ ಇವೆಲ್ಲ ನಡೆಯುವಾಗ ಸಭೆ ಊಟದ ಮನೆಯ ಬಾಗಿಲಿಗೆ ಸೇರಿಬಿಟ್ಟಿರುತ್ತದೆ, ಛಾಯಾಗ್ರಾಹಕರೂ ಆ ಬಿಡುವಿನಲ್ಲಿ ತಿಂಡಿಗೆ ಹೋಗಿರುತ್ತಾರೆ. 1955ರ ಹಿಂದೂ ವಿವಾಹ ಕಾಯ್ದೆಯ 7ನೆಯ ಕಲಮು, ಸಪ್ತಪದಿಯನ್ನು ಒಳಗೊಂಡ ಪದ್ಧತಿಯಲ್ಲಿ ಮದುವೆ ನಡೆದಾಗ ಏಳನೆಯ ಹೆಜ್ಜೆಯಿಟ್ಟ ಮೇಲೆಯೇ ಅದು ಪೂರ್ಣವಾಗಿ ಬದ್ಧವಾಗುತ್ತದೆಂದು ಹೇಳುತ್ತದೆ. ಆ ಏಳು ಹೆಜ್ಜೆಗಳಿಗೆ ಎರಡೂ ಕಡೆಯ ಹಿರಿಯರು ಇಬ್ಬಿಬ್ಬರಾದರೂ ಕಣ್ಣಾರೆ ಸಾಕ್ಷಿಯಾಗಬೇಕು, ಅದರ ಫೋಟೋ ಇರಬೇಕು. ಛಾಯಾಗ್ರಾಹಕರ ತಿಂಡಿಯನ್ನು ಮೊದಲೇ ಮುಗಿಸಿದ್ದರಿಂದ ಅವರು ಕದಲಲಿಲ್ಲ. ಮದುಮಗಳ ತಮ್ಮನನ್ನು 10:50ಕ್ಕೆ ಹುಡುಕಿ ಅರಳಿನ ಮೊರದ ಬಳಿ ಕೂರಿಸುವುದಕ್ಕೂ ಒಂದು ಹೆಸರಿತ್ತು, ಏಕೆಂದರೆ ಆ ಹೊತ್ತಿಗೆ ಅವನ ಕಾಲೇಜಿನ ಗೆಳೆಯರು ಬಂದಿರುತ್ತಾರೆಂದು ಎಲ್ಲರಿಗೂ ಗೊತ್ತಿತ್ತು. ಸಪ್ತಪದಿ 11:38ಕ್ಕೆ ಆಯಿತು. ಹೋಮ ಮುಗಿದೊಡನೆ ಬೆಳ್ಳಿಯ ಪಂಚಪಾತ್ರೆ, ಬಟ್ಟಲು, ದೀಪ, ಕಳಸಗಳನ್ನು ಎಣಿಸಿ ತೆಗೆದಿಡುವ ಹೊಣೆ, ಬೆಳಿಗ್ಗೆ ಅವನ್ನು ಎಣಿಸಿ ಮಂಟಪದಲ್ಲಿಟ್ಟ ನಮ್ಮ ತಾಯಿಯವರದೇ. ಇಟ್ಟವರು ಒಬ್ಬರು, ತೆಗೆಯುವವರು ಇನ್ನೊಬ್ಬರಾದರೆ ಲೆಕ್ಕ ಕೂಡುವುದಿಲ್ಲ.

ಊಟದ ಮನೆಯ ಲೆಕ್ಕ ಮಂಟಪದ ಲೆಕ್ಕದಂತೆ ಹಿಂದಕ್ಕೆ ಹೋಗುವುದಿಲ್ಲ, ಮುಂದಕ್ಕೆ ಹೋಗುತ್ತದೆ. ಛತ್ರದ ಊಟದ ಮನೆಯಲ್ಲಿ ಒಂದು ಪಂಕ್ತಿಗೆ 180 ಎಲೆ. ಮಧ್ಯಾಹ್ನಕ್ಕೆ ನಾವು ನಿರೀಕ್ಷಿಸಿದ್ದು ಸುಮಾರು 650 ಜನ, ಅಂದರೆ ನಾಲ್ಕು ಪಂಕ್ತಿ. ಎಲೆ ಹಾಕಿ ಬಡಿಸಿ ಉಣ್ಣುವುದಕ್ಕೆ ಅರ್ಧ ಗಂಟೆ, ಎದ್ದ ಮೇಲೆ ಎಲೆ ತೆಗೆದು ಮೇಜು ಒರೆಸಿ ಮತ್ತೆ ಎಲೆ ಹಾಕುವುದಕ್ಕೆ ಕಾಲು ಗಂಟೆ. 11:15ಕ್ಕೆ ಮೊದಲ ಪಂಕ್ತಿ ಕುಳಿತರೆ 12ಕ್ಕೆ ಎರಡನೆಯದು, 12:45ಕ್ಕೆ ಮೂರನೆಯದು, 1:30ಕ್ಕೆ ಮನೆಯವರೂ ಬೀಗರೂ ವಧೂವರರೂ ಕೂರುವ ಕೊನೆಯ ಪಂಕ್ತಿ, ಅದರಲ್ಲಿಯೇ ಭೂಮದ ಊಟ. ಈ ಲೆಕ್ಕ ಕೆಡುವುದು ಅಡುಗೆಯಿಂದಲ್ಲ, ಪಂಕ್ತಿ ನಡೆಯುವಾಗಲೇ ಮುಂದಿನವರು ಒಳಗೆ ಬಂದು ಊಟ ಮಾಡುತ್ತಿರುವವರ ಕುರ್ಚಿಯ ಹಿಂದೆ ನಿಲ್ಲುವುದರಿಂದ. ಆಗ ಬಡಿಸುವವರಿಗೆ ಓಡಾಡಲು ದಾರಿಯಿರುವುದಿಲ್ಲ, ಎಲೆ ತೆಗೆಯುವವರು ಕಾಯುತ್ತಾರೆ, ಕಾಲು ಗಂಟೆಯ ಕೆಲಸ ಇಪ್ಪತ್ತೈದು ನಿಮಿಷವಾಗುತ್ತದೆ. ನಮ್ಮ ಯಜಮಾನರು ಬಾಗಿಲ ಒಂದು ರೆಕ್ಕೆಯನ್ನು ಮುಚ್ಚಿಸಿ, ಹೊರಗಿನ ಪಡಸಾಲೆಯಲ್ಲಿ ಐವತ್ತು ಕುರ್ಚಿ ಹಾಕಿಸಿ ಮಜ್ಜಿಗೆ ಕೊಡಿಸುತ್ತಾ, ಎಲೆ ಪೂರ್ತಿ ಬಿದ್ದ ಮೇಲೆಯೇ ಬಾಗಿಲು ತೆರೆಸಿದರು.

ಅಡುಗೆ ಭಟ್ಟರಿಗೆ ಬೇಕಾಗಿದ್ದದ್ದು ಒಂದೇ ಮಾಹಿತಿ. "ಮೂರನೇ ಪಂಕ್ತಿ ಕೂತ ತಕ್ಷಣ ಇನ್ನೆಷ್ಟು ಎಲೆ ಅಂತ ಒಬ್ಬರು ಬಂದು ಹೇಳಿ, ಆ ಮೇಲೆ ನಾನು ಕೊನೇ ಅನ್ನಕ್ಕೆ ಅಕ್ಕಿ ಹಾಕ್ತೀನಿ" ಎಂದಿದ್ದರು. ಎಣಿಸುವವರ ಹೆಸರು ಪಟ್ಟಿಯಲ್ಲಿತ್ತು. ಆಗಲೇ ಎದ್ದ ಎಲೆಗಳ ಲೆಕ್ಕ, ಮಂಟಪದ ಎದುರು ಉಳಿದ ಜನ, ಸಾರಥಿಗಳು, ಛತ್ರದ ಕೆಲಸದವರು ಎಲ್ಲ ಸೇರಿಸಿ ಇನ್ನು 140 ಎಂದು ಹೇಳಿಕಳುಹಿಸಿದರು. ಅನ್ನ ಬಿಸಿಯಾಗಿಯೂ ಬಂತು, ಚೆಲ್ಲುವಷ್ಟೂ ಉಳಿಯಲಿಲ್ಲ. ತಾಂಬೂಲದ ಚೀಲಗಳನ್ನು ಕೊಡುವುದು ಊಟದ ಮನೆಯಿಂದ ಕೈತೊಳೆದು ಹೊರಬರುವ ದಾರಿಯಲ್ಲಿ; ಛತ್ರದ ಮುಂಬಾಗಿಲಲ್ಲಿ ಕೊಟ್ಟರೆ ಬರುವವರೂ ಹೋಗುವವರೂ ಒಂದೇ ಕಡೆ ಸೇರುತ್ತಾರೆ.

ಮಧ್ಯಾಹ್ನದ ನಂತರ ದಿನವನ್ನು ಬಿಗಿದದ್ದು ಎರಡು ಹೊತ್ತುಗಳು. ಭಾನುವಾರವಾದ್ದರಿಂದ ಸಾಮಾನ್ಯವಾಗಿ ಎಣಿಸುವಂತೆ ರಾಹುಕಾಲ 4:30ರಿಂದ 6ರವರೆಗೆ. ಮದುಮಗಳು ಅದಕ್ಕೆ ಮೊದಲೇ ಛತ್ರದಿಂದ ಹೊರಡಬೇಕು, ಗಂಡನ ಮನೆಯ ಹೊಸ್ತಿಲನ್ನು ಅದು ಕಳೆದ ಮೇಲೆ ದಾಟಬೇಕು. ಹಾಸನಕ್ಕೆ ಮೂರು ಗಂಟೆಯ ದಾರಿಯಾದ್ದರಿಂದ 3:45ಕ್ಕೆ ಹೊರಟರೆ ಎರಡೂ ಸರಿಯಾಗುತ್ತಿತ್ತು. ಕಳುಹಿಸಿಕೊಡುವ ಹೊತ್ತಿನಲ್ಲಿ ಅಳು, ಆಲಿಂಗನ, ಮಡಿಲು ತುಂಬುವುದು ಇವುಗಳಿಗೆ ಅರ್ಧ ಗಂಟೆ ಬೇಕು, ಅದನ್ನು ಯಾರೂ ಅವಸರಪಡಿಸಬಾರದು. ಆದ್ದರಿಂದ ಸಾಮಾನನ್ನು ಗಾಡಿಗೆ ತುಂಬುವ ಕೆಲಸವನ್ನು ಕೊನೆಯ ಪಂಕ್ತಿ ನಡೆಯುತ್ತಿರುವಾಗಲೇ ಮುಗಿಸಬೇಕೆಂದು ಬರೆದಿತ್ತು. ಮದುಮಗಳ ಪೆಟ್ಟಿಗೆಗಳನ್ನು ಸೋದರಮಾವ ಎಣಿಸಿ ಹತ್ತಿಸಿದರು. ಒಡವೆಯ ಚೀಲ ಮಾತ್ರ ಬೆಳಗಿನಿಂದಲೂ ಅತ್ತೆಯ ಕೈಯಲ್ಲಿಯೇ ಇದ್ದು, ಹೊರಡುವ ಮುನ್ನ ಕೋಣೆಯ ಬಾಗಿಲು ಹಾಕಿಕೊಂಡು, ವರನ ತಾಯಿಯವರ ಎದುರಿಗೆ ಪಟ್ಟಿಯಂತೆ ಓದಿ ಅವರಿಗೆ ಒಪ್ಪಿಸಲಾಯಿತು. ಗಾಡಿಗಳು 3:55ಕ್ಕೆ ಹೊರಟವು.

ಛತ್ರವನ್ನು ಒಪ್ಪಿಸುವ ಹೊಣೆ, ಹಿಂದಿನ ದಿನ ವಿದ್ಯುತ್ ಮೀಟರಿನ ಅಂಕಿಯನ್ನೂ ಪಾತ್ರೆಗಳ ಸಂಖ್ಯೆಯನ್ನೂ ಬರೆದುಕೊಂಡಿದ್ದ ಉಗ್ರಾಣದ ಮಾವನವರದೇ ಆಗಿತ್ತು. ಲಕೋಟೆಗಳ ಹಿರಿಯರು ಉಳಿದ ಎರಡು ಲಕೋಟೆಗಳನ್ನು ಅಡುಗೆಯವರಿಗೂ ಛತ್ರದವರಿಗೂ ಕೊಟ್ಟು, ಯಾರಿಗೆ ಎಷ್ಟು ಹೊತ್ತಿಗೆ ಕೊಟ್ಟರೆಂಬ ಚೀಟಿಯನ್ನು ಚಿಕ್ಕಪ್ಪನಿಗೆ ಒಪ್ಪಿಸಿದರು. ಆ ದಿನ ಚಿಕ್ಕಪ್ಪ ಹಣದ ವಿಷಯವಾಗಿ ಮಾತನಾಡಿದ್ದು ಆಗಲೇ.

ಅತ್ತೆ ಅದೇ ಹಾಳೆಯನ್ನು ತಮ್ಮ ಮಗನ ಮದುವೆಗೆಂದು ಕೇಳಿ ಪಡೆದಿದ್ದಾರೆ. ಆ ಮದುವೆ ಮೇ ತಿಂಗಳಿನಲ್ಲಿ, ಬೆಳಿಗ್ಗೆ 6:30ರ ಸುಮಾರಿನ ವೃಷಭ ಲಗ್ನಕ್ಕೆ. ಹಾಳೆಯಲ್ಲಿರುವ ಹೆಸರುಗಳ ಹಂಚಿಕೆ ಅಲ್ಲಿಗೂ ಬಹುಮಟ್ಟಿಗೆ ಸಲ್ಲುತ್ತದೆ, ಹೊತ್ತುಗಳು ಒಂದೂ ಸಲ್ಲುವುದಿಲ್ಲ. ಅಲಂಕಾರ ಮಧ್ಯರಾತ್ರಿ ಕಳೆದೊಡನೆ ಆರಂಭವಾಗಬೇಕು. ಹಿಂದಿನ ರಾತ್ರಿಯ ಆರತಕ್ಷತೆ ಹನ್ನೊಂದಕ್ಕೆ ಮುಗಿದರೆ ಮದುಮಗಳಿಗೆ ನಿದ್ದೆಯೇ ಇಲ್ಲ, ಆದ್ದರಿಂದ ಅದನ್ನು ಒಂಬತ್ತಕ್ಕೆ ಮುಗಿಸಬೇಕು. ತಿಂಡಿ ಮಾಂಗಲ್ಯದ ನಂತರಕ್ಕೆ ಹೋಗುತ್ತದೆ, ಹೊರಗಿನ ನೆಂಟರಲ್ಲಿ ಅನೇಕರು ಹೋಮದ ಹೊತ್ತಿಗಷ್ಟೇ ಬರುತ್ತಾರೆ, ಹರಸುವ ಸಾಲು ಹತ್ತು ಗಂಟೆಯಿಂದ ಊಟದವರೆಗೆ ಹರಡುತ್ತದೆ. ಗಂಡಿನ ಕಡೆಯವರಾಗಿ ಅವರು ಬೇರೆ ಊರಿನ ಛತ್ರಕ್ಕೆ ಹೋಗುವವರು. ಅಲ್ಲಿ ತಮ್ಮ ಕಡೆಯ ಭಾವನವರು ಯಾರು, ಹೆಣ್ಣಿನ ಕಡೆ ಮಾತನಾಡಬೇಕಾದವರು ಯಾರು ಎಂಬ ಎರಡು ಹೆಸರುಗಳನ್ನು ಅವರು ಈಗಾಗಲೇ ಗೊತ್ತುಮಾಡಿಕೊಂಡಿದ್ದಾರೆ. ಉಳಿದದ್ದನ್ನು ಬರೆಯುವ ಮೊದಲು ಆ ಊರಿನ ಪುರೋಹಿತರನ್ನು ಕಂಡು ಬರಬೇಕು.